ಎರಡು ಕಡೆ ತಾಳೆಯಾದ ಲೋಲಕ ಮೂರನೇ ಕಡೆ ಏಕೆ ಕೈಕೊಟ್ಟಿತು?

ಪ್ರಶ್ನೆ: 1 ಮೀಟರ್ ಉದ್ದದ ಲೋಲಕ, 200 ಗ್ರಾಂ ಗುಂಡು, 60 ಡಿಗ್ರಿಯಿಂದ ಬಿಟ್ಟಿದ್ದಾರೆ. h = L cos θ ಎಂದು ಹಾಕಿದೆ, 0.5 ಮೀಟರ್ ಬಂತು. ತಳದಲ್ಲಿ ವೇಗ ಸೆಕೆಂಡಿಗೆ 3.13 ಮೀಟರ್. ಎರಡೂ ಕಡೆ ಒಟ್ಟು ಶಕ್ತಿ 0.98 ಜೂಲ್, ಪುಸ್ತಕದ ಉತ್ತರವೂ ಅದೇ. ಆದರೆ 30 ಡಿಗ್ರಿಯಲ್ಲಿ ವೇಗ ಕಂಡುಹಿಡಿಯಲು ಹೋದರೆ ವರ್ಗಮೂಲದೊಳಗೆ ಋಣಸಂಖ್ಯೆ ಬರುತ್ತಿದೆ. ತಾಳೆ ನೋಡಿದ ಲೆಕ್ಕ ಹೀಗೆ ಕೆಡುವುದು ಹೇಗೆ?

ಉತ್ತರ: ನಿಮ್ಮನ್ನು ದಾರಿ ತಪ್ಪಿಸಿದ್ದು ಆ 60 ಡಿಗ್ರಿ. cos 60° ಎಂದರೆ 0.5, ಒಂದರಿಂದ ಅದನ್ನು ಕಳೆದರೂ 0.5. ಹಾಗಾಗಿ ತಪ್ಪು ಸೂತ್ರವೂ ಸರಿಯಾದ ಸೂತ್ರವೂ ಒಂದೇ ಸಂಖ್ಯೆಯನ್ನು ಕೊಡುವ ಕೋನ ಅದೊಂದೇ. ಪ್ರಶ್ನೆ ಬರೆಯುವವರಿಗೆ ಲೆಕ್ಕ ಸುಲಭವಾಗಲಿ ಎಂದು ಅದನ್ನೇ ಆರಿಸುವ ಚಾಳಿ ಇದೆ, ವಿದ್ಯಾರ್ಥಿಯ ತಪ್ಪು ಅದರಡಿಯಲ್ಲಿ ಅಡಗಿ ಕೂರುತ್ತದೆ. ಪಿಯು ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ನಾನು ಇದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಉತ್ತರ ಸರಿ ಇರುವುದರಿಂದ ಪೂರ್ತಿ ಅಂಕ ಕೊಟ್ಟು ಮುಂದೆ ಹೋದದ್ದೂ ಉಂಟು.

ಒಂದು ಚಿತ್ರ ಬರೆದುಕೊಳ್ಳಿ. ದಾರ ಕಟ್ಟಿದ ಬಿಂದುವಿನಿಂದ ನೇರ ಕೆಳಗೆ ಒಂದು ಗೆರೆ ಎಳೆಯಿರಿ. ಗುಂಡು ಓರೆಯಾಗಿರುವಾಗ, ಅದು ಕಟ್ಟಿದ ಬಿಂದುವಿಗಿಂತ ಎಷ್ಟು ಕೆಳಗಿದೆ ಎಂಬುದೇ L cos θ. ನಿಮಗೆ ಬೇಕಾದದ್ದು ತಳದ ಬಿಂದುವಿಗಿಂತ ಅದು ಎಷ್ಟು ಮೇಲಿದೆ ಎಂಬುದು. ಪೂರ್ತಿ ಉದ್ದದಿಂದ ಮೊದಲಿನದನ್ನು ಕಳೆದರೆ ಅದು ಸಿಗುತ್ತದೆ: h = L(1 − cos θ). 30 ಡಿಗ್ರಿಗೆ ಇದು 0.134 ಮೀಟರ್. ಪ್ರಚ್ಛನ್ನ ಶಕ್ತಿ 0.2 × 9.8 × 0.134, ಅಂದರೆ 0.263 ಜೂಲ್. ಒಟ್ಟು 0.98ರಲ್ಲಿ ಉಳಿದ 0.717 ಜೂಲ್ ಚಲನ ಶಕ್ತಿ. ವೇಗ ಸೆಕೆಂಡಿಗೆ 2.68 ಮೀಟರ್. ನಿಮ್ಮ ಸೂತ್ರದ ಪ್ರಕಾರವಾದರೆ 30 ಡಿಗ್ರಿಯಲ್ಲಿ ಎತ್ತರ 0.866 ಮೀಟರ್, ಪ್ರಚ್ಛನ್ನ ಶಕ್ತಿಯೇ 1.70 ಜೂಲ್. ಬಿಟ್ಟಾಗ ಇದ್ದ ಒಟ್ಟು ಶಕ್ತಿಗಿಂತ ಹೆಚ್ಚು! ಋಣಸಂಖ್ಯೆ ಬಂದದ್ದು ಅದಕ್ಕೇ. ಕೆಳಗಿಳಿದ ಗುಂಡಿನ ಎತ್ತರ ಹೆಚ್ಚಾಯಿತಲ್ಲ ಎಂದು ಅಲ್ಲೇ ಅನುಮಾನ ಬಂದಿದ್ದರೆ ಕ್ಯಾಲ್ಕುಲೇಟರಿನ ಕೆಲಸವೇ ಇರಲಿಲ್ಲ.

ಇನ್ನು ತಾಳೆಯ ವಿಚಾರ. ವೇಗವನ್ನು ನೀವು ಹೇಗೆ ಕಂಡುಹಿಡಿದಿರಿ? ಮೇಲಿನ ಶಕ್ತಿ ಮತ್ತು ಕೆಳಗಿನ ಶಕ್ತಿ ಸಮ ಎಂದು ಬರೆದುಕೊಂಡು. ಬಂದ ವೇಗವನ್ನು ಮತ್ತೆ ಅದೇ ಎರಡು ಕಡೆ ಹಾಕಿದರೆ ಶಕ್ತಿ ಸಮವಾಗದೆ ಇನ್ನೇನಾದೀತು? ಅಂಗಡಿಯ ಚೀಟಿಯಲ್ಲಿ ಬೆಲೆ ತಪ್ಪಾಗಿ ಬರೆದಿದ್ದರೆ ಎಷ್ಟು ಸಲ ಕೂಡಿ ನೋಡಿದರೂ ಮೊತ್ತ ಅದೇ ಬರುತ್ತದೆ. ಈ ಬಗೆಯ ತಾಳೆ ಕೂಡುವ ತಪ್ಪನ್ನು ಹಿಡಿಯುತ್ತದೆ: ½ ಬಿಟ್ಟುಹೋಗಿದ್ದರೆ, ವರ್ಗಮೂಲ ತೆಗೆಯಲು ಮರೆತಿದ್ದರೆ ಗೊತ್ತಾಗುತ್ತದೆ. ಎತ್ತರವೇ ತಪ್ಪಾಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. 50 ಡಿಗ್ರಿಯಿಂದ ಬಿಟ್ಟು ನಿಮ್ಮ ಸೂತ್ರವನ್ನೇ ಹಾಕಿ ನೋಡಿ. ಎತ್ತರ 0.643 ಮೀಟರ್, ತಳದಲ್ಲಿ ವೇಗ 3.55, ಎರಡೂ ಕಡೆ 1.26 ಜೂಲ್. ಅಚ್ಚುಕಟ್ಟಾದ ತಾಳೆ. ಆದರೆ ನಿಜವಾದ ವೇಗ 2.65 ಮಾತ್ರ.

ಹಾಗಾದರೆ ಹೇಗೆ ತಾಳೆ ನೋಡಬೇಕು? ನಾನು ಮಾಡುವುದು ಹೀಗೆ. ವೇಗ ಸಿಕ್ಕ ಮೇಲೆ ಎತ್ತರ ಅಳೆಯುವ ಸೊನ್ನೆಯ ಮಟ್ಟವನ್ನು ಬದಲಿಸಿಬಿಡುತ್ತೇನೆ. ತಳದ ಬದಲು, ದಾರ ಕಟ್ಟಿದ ಬಿಂದುವನ್ನೇ ಸೊನ್ನೆ ಎಂದುಕೊಳ್ಳಿ. ಗುಂಡು ಯಾವಾಗಲೂ ಅದರ ಕೆಳಗೇ ಇರುವುದರಿಂದ ಪ್ರಚ್ಛನ್ನ ಶಕ್ತಿ −mgL cos θ. ನಿಮ್ಮ L cos θ ಇಲ್ಲಿ ಸಲ್ಲುತ್ತದೆ, ಋಣ ಚಿಹ್ನೆಯೊಂದಿಗೆ. ಈಗ 60 ಡಿಗ್ರಿಯಲ್ಲಿ ಒಟ್ಟು ಶಕ್ತಿ −0.98 ಜೂಲ್. ತಳದಲ್ಲಿ −1.96ಕ್ಕೆ ಚಲನ ಶಕ್ತಿ 0.98 ಕೂಡಿದರೆ −0.98. 30 ಡಿಗ್ರಿಯಲ್ಲಿ −1.697 ಮತ್ತು 0.717, ಮತ್ತೆ −0.98. ಮೂರೂ ಕಡೆ ಒಂದೇ. ಆ 50 ಡಿಗ್ರಿಯ ತಪ್ಪು ಲೆಕ್ಕವನ್ನು ಇದೇ ಒರೆಗೆ ಹಚ್ಚಿ: ಮೇಲೆ −1.26, ತಳದಲ್ಲಿ −1.96 + 1.26, ಅಂದರೆ −0.70. ಕಳ್ಳ ಸಿಕ್ಕಿಬಿದ್ದ. ಒಟ್ಟು ಶಕ್ತಿ ಋಣವಾಯಿತೆಂದು ಗಾಬರಿ ಬೇಡ. ಸೊನ್ನೆಯನ್ನು ಎಲ್ಲಿಟ್ಟರೂ ನಡೆಯುತ್ತದೆ, ಲೆಕ್ಕದ ನಡುವೆ ಅದನ್ನು ಸರಿಸಬಾರದು ಅಷ್ಟೆ.

ಕಾಗದದ ಮೇಲಿನ ಲೆಕ್ಕ ನಂಬಿಕೆ ಬರದಿದ್ದರೆ ಗೋಡೆಗೆ ಹೋಗಿ. 1638ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಗೆಲಿಲಿಯೊ ಒಂದು ಮೊಳೆಯ ಪ್ರಯೋಗವನ್ನು ವಿವರಿಸಿದ್ದಾನೆ. ಗೋಡೆಯ ಮೇಲೆ ಅಡ್ಡಗೆರೆ, ಅದರ ಮಟ್ಟದಿಂದ ಬಿಟ್ಟ ಸೀಸದ ಗುಂಡು, ದಾರದ ದಾರಿಗೆ ಅಡ್ಡವಾಗಿ ಒಂದು ಮೊಳೆ. ದಾರ ಮೊಳೆಗೆ ತಾಗಿ ಲೋಲಕ ಗಿಡ್ಡವಾದರೂ ಗುಂಡು ಅದೇ ಗೆರೆಯವರೆಗೆ ಏರುತ್ತದೆ. ನಿಮ್ಮ ಲೋಲಕದಲ್ಲಿ ಕಟ್ಟಿದ ಬಿಂದುವಿನಿಂದ ಸರಿಯಾಗಿ 50 ಸೆಂಟಿಮೀಟರ್ ಕೆಳಗೆ ಮೊಳೆ ಹೊಡೆದು 60 ಡಿಗ್ರಿಯಿಂದ ಬಿಡಿ. ಎತ್ತರ ನಿಜವಾಗಿಯೂ 0.5 ಮೀಟರ್ ಆಗಿದ್ದರೆ ಗುಂಡು ಆಚೆ ಬದಿಯಲ್ಲಿ ಮೊಳೆಯ ಮಟ್ಟಕ್ಕೆ ಬಂದು ನಿಲ್ಲಬೇಕು, ಮೊಳೆಯಿಂದಾಚೆಗಿನ ದಾರ ಅಡ್ಡಡ್ಡವಾಗಬೇಕು. ಗಾಳಿಯ ತಡೆಗೆ ಅದಕ್ಕಿಂತ ತುಸು ಕೆಳಗೇ ನಿಲ್ಲುತ್ತದೆ. 50 ಡಿಗ್ರಿಯಿಂದ ಬಿಟ್ಟರೆ ಮೊಳೆಯ ಮಟ್ಟವನ್ನು ಮುಟ್ಟುವುದೇ ಇಲ್ಲ. ನಿಮ್ಮ ಸೂತ್ರದ 0.643 ಮೀಟರ್ ನಿಜವಾಗಿದ್ದರೆ ಅದನ್ನು ದಾಟಿ ಹೋಗಬೇಕಿತ್ತು.

ವೇಗವನ್ನೂ ಅಳೆಯಬೇಕೆಂದರೆ ಮೊಬೈಲಿನ ನಿಧಾನಗತಿ ವಿಡಿಯೊ ಸಾಕು. ಸೆಕೆಂಡಿಗೆ 240 ಚೌಕಟ್ಟುಗಳಾದರೆ, ತಳದಲ್ಲಿ ಗುಂಡು ಚೌಕಟ್ಟಿಗೆ 1.3 ಸೆಂಟಿಮೀಟರ್ ಚಲಿಸಿರುತ್ತದೆ. ಹತ್ತು ಚೌಕಟ್ಟುಗಳನ್ನು ಎಣಿಸಿ, ಗುಂಡಿನ ಬೆನ್ನಿಗೇ ಇಟ್ಟ ಅಳತೆಪಟ್ಟಿಯಲ್ಲಿ ಸುಮಾರು 13 ಸೆಂಟಿಮೀಟರ್ ಬರುತ್ತದೆಯೇ ನೋಡಿ. ಇಲ್ಲಿ ವೇಗ ಬೇರೆ ದಾರಿಯಿಂದ ಬಂದಿರುವುದರಿಂದ ಎರಡು ಸ್ಥಾನಗಳ ಶಕ್ತಿಯನ್ನು ಹೋಲಿಸುವುದಕ್ಕೆ ನಿಜವಾದ ಅರ್ಥವಿದೆ.

ಪಾಠ ಮಾಡಲು ಸೇರಿದ ಹೊಸತರಲ್ಲಿ ನಾನೂ ಹೀಗೆ ಅಳೆದು, ಮೇಲಿಗಿಂತ ತಳದಲ್ಲಿ ಶಕ್ತಿ ಹೆಚ್ಚು ಬಂದು ತಲೆ ಕೆರೆದುಕೊಂಡಿದ್ದೆ. ಮೇಲೆ 0.96, ತಳದಲ್ಲಿ 0.97. ಸ್ವಲ್ಪ ಕಡಿಮೆ ಬಂದರೆ ಗಾಳಿಯ ಪಾಲು ಎನ್ನಬಹುದು. ಹೆಚ್ಚು ಬಂದರೆ ಗುಂಡನ್ನು ಕೈಯಿಂದ ತಳ್ಳಿ ಬಿಟ್ಟಿದ್ದೀರಿ ಅಥವಾ ಅಳತೆ ತಪ್ಪಿದೆ. ನಾನು ದಾರದ ಉದ್ದವನ್ನು ಗುಂಡಿನ ಕೊಕ್ಕೆಯವರೆಗೆ ಮಾತ್ರ ಅಳೆದಿದ್ದೆ. ಗುಂಡಿನ ನಡುವಿನವರೆಗೆ ಇನ್ನೂ 2 ಸೆಂಟಿಮೀಟರ್ ಇತ್ತು. ಅಷ್ಟಕ್ಕೇ ಮೇಲಿನ ಶಕ್ತಿ ಶೇ 2ರಷ್ಟು ಕಡಿಮೆಯಾಗಿ ಬಂದಿತ್ತು.

ಕೋನಮಾಪಕವನ್ನೂ ಅತಿಯಾಗಿ ನಂಬಬೇಡಿ. 60 ಡಿಗ್ರಿಯನ್ನು 59 ಎಂದು ಓದಿದರೆ ಶಕ್ತಿ ಶೇ 3ರಷ್ಟು ತಪ್ಪುತ್ತದೆ. ಅದರ ಬದಲು ಗುಂಡಿನ ನಡುಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಬಿಡುವಾಗ ಒಮ್ಮೆ, ಸುಮ್ಮನೆ ತೂಗುಬಿದ್ದಿರುವಾಗ ಒಮ್ಮೆ ಪಟ್ಟಿಯಿಟ್ಟು ಅಳೆದು ಕಳೆಯಿರಿ. 50 ಸೆಂಟಿಮೀಟರಿನಲ್ಲಿ 2 ಮಿಲಿಮೀಟರ್ ತಪ್ಪಿದರೂ ಅದು ಶೇ 0.4 ಅಷ್ಟೆ. ಆಗ cos θ ಬೇಕಾಗುವುದೇ ಇಲ್ಲ.