ಫೀಸು ಇಬ್ಬರ ರೂಮಿಗೆ, ಹಂಚಿಕೆ ಮೂವರ ರೂಮಿಗೆ: ವಾರ್ಡನ್‌ಗೆ ಅರ್ಜಿ

“ಇಬ್ಬರ ರೂಮಿಗೆ ಫೀಸು ಕಟ್ಟಿದ್ದೆ, ಪೋರ್ಟಲ್‌ನಲ್ಲಿ ಬಿ ಬ್ಲಾಕ್ 214, ಮೂವರ ರೂಮ್ ಅಂತ ತೋರಿಸ್ತಿದೆ. ಸ್ಕ್ರೀನ್‌ಶಾಟ್ ಹಾಕಿದ್ದೀನಿ. ವಾರ್ಡನ್‌ಗೆ ಏನಂತ ಬರೀಲಿ?”

ಮೊದಲು ಸ್ಕ್ರೀನ್‌ಶಾಟ್ ಇನ್ನೊಮ್ಮೆ ತೆಗೀರಿ. ನೀವು ಹಾಕಿರೋದರಲ್ಲಿ ರೂಮ್ ನಂಬರ್ ಬಿಟ್ಟರೆ ಹೆಸರು, ಅರ್ಜಿ ಸಂಖ್ಯೆ, ದಿನಾಂಕ ಯಾವುದೂ ಇಲ್ಲ. ಅದು ಯಾರದ್ದಾದರೂ ಆಗಬಹುದು ಅಂತ ಆಫೀಸಿನವರು ಪಕ್ಕಕ್ಕಿಡ್ತಾರೆ. ಪೂರ್ತಿ ಪುಟ ಬರಲಿ. ಪ್ರಿಂಟ್‌ನಲ್ಲಿ ಅಕ್ಷರ ಮಸುಕಾಗೋದರಿಂದ ಅದೇ ವಿವರಗಳನ್ನು ಅರ್ಜಿಯಲ್ಲೂ ಬರೀರಿ.

ಬರೀ “ರೂಮ್ ಬದಲಾಯಿಸಿ ಕೊಡಿ” ಅಂದರೆ ಅದು ನಿಮ್ಮ ಇಷ್ಟದ ಕೋರಿಕೆಯಾಗಿ ವೇಟಿಂಗ್ ಲಿಸ್ಟ್ ಸೇರುತ್ತೆ. ನಿಮ್ಮದು ಹಂಚಿಕೆಯ ತಪ್ಪು, ಹಾಗೇ ಕಾಣಬೇಕು:

“ಮಾನ್ಯರೇ, ನಾನು ಇಬ್ಬರ ರೂಮಿನ ಶುಲ್ಕ ಪಾವತಿಸಿದ್ದೇನೆ (ರಸೀದಿ ಸಂಖ್ಯೆ, ದಿನಾಂಕ, ಮೊತ್ತ). ಹಂಚಿಕೆ ಪುಟದಲ್ಲಿ ಬಿ ಬ್ಲಾಕ್ 214, ಮೂವರ ರೂಮ್ ಎಂದಿದೆ. ಎರಡರ ಪ್ರತಿ ಲಗತ್ತಿಸಿದೆ. ದಯವಿಟ್ಟು ಇಬ್ಬರ ರೂಮ್ ನೀಡಬೇಕು. ಖಾಲಿ ಇಲ್ಲದಿದ್ದರೆ ಶುಲ್ಕದ ವ್ಯತ್ಯಾಸ ಹಿಂದಿರುಗಿಸಲು ಶಿಫಾರಸು ಮಾಡಬೇಕೆಂದು ಕೋರುತ್ತೇನೆ.”

ಕೊನೆಯ ಸಾಲು ಬಿಡಬೇಡಿ. ರೂಮ್ ಖಾಲಿ ಇಲ್ಲ ಅಂದ ಕೂಡಲೇ ಮಾತು ಮುಗಿಯೋದು ಅದಿಲ್ಲದಿದ್ದರೇನೇ.

ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸ್ವೀಕೃತಿ ದಿನಾಂಕ ಹಾಕಿಸಿಕೊಳ್ಳಿ. ಅಷ್ಟರಲ್ಲಿ 214ರ ಕೀ ತಗೊಳ್ಳಲೇಬೇಕಾದರೆ, ರಿಜಿಸ್ಟರ್‌ನಲ್ಲಿ ಸಹಿ ಪಕ್ಕ “ಬದಲಾವಣೆ ಅರ್ಜಿ ಬಾಕಿ ಇದೆ” ಅಂತ ಬರೀರಿ. ಇಲ್ಲದಿದ್ದರೆ ಒಪ್ಪಿಕೊಂಡೇ ಬಂದಿದ್ದೀರಿ ಅಂತಾರೆ. ಗೆಳೆಯರ ಜೊತೆ ನೀವೇ ಮಂಚ ಅದಲು ಬದಲು ಮಾಡ್ಕೋಬೇಡಿ. ರೂಮಿನ ಸಾಮಾನು ಮುರಿದರೆ ದಂಡ ಬೀಳೋದು ರಿಜಿಸ್ಟರ್‌ನಲ್ಲಿ ಹೆಸರಿದ್ದವರಿಗೆ.