ರಜೆ ಅರ್ಜಿಯಲ್ಲಿ ಬಿಟ್ಟುಹೋಗುವ ದಿನಗಳು

ಹೆತ್ತವರನ್ನು ಚಿಕಿತ್ಸೆಗಾಗಿ ವಿದೇಶಕ್ಕೆ ಕರೆದೊಯ್ಯುವ ಮಕ್ಕಳು ಆಪ್ತಸಲಹೆಗೆಂದು ನನ್ನ ಬಳಿ ಬರುವುದು ಹೆಚ್ಚಾಗಿ ಕಾಯಿಲೆಯ ಭಯದಿಂದಲ್ಲ, ರಜೆಯ ಚಿಂತೆಯಿಂದ. ಈ ಪ್ರಕರಣವನ್ನು ಬರೆಯುತ್ತಿರುವುದು ಅಂಥದೇ ತೊಡಕು ಮನೆಯಿಂದ ಮನೆಗೆ ಮರುಕಳಿಸುತ್ತಿರುವುದರಿಂದ. ಗುರುತು ಸಿಗದಂತೆ ವಿವರಗಳನ್ನೂ ದಿನಾಂಕಗಳನ್ನೂ ಬದಲಾಯಿಸಿದ್ದೇನೆ.

ಆಕೆ ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರ ಉದ್ಯೋಗಿ. ಎಪ್ಪತ್ತು ದಾಟಿದ ತಾಯಿಗೆ ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯಲ್ಲಿ ಕೋರ್ಡೋಮಾ ಎಂಬ ಗೆಡ್ಡೆ. ಶಸ್ತ್ರಚಿಕಿತ್ಸೆ ಮಾಡಿದರೆ ಮಲಮೂತ್ರದ ಹಿಡಿತ ತಪ್ಪುವ ಸಂಭವ ಹೆಚ್ಚೆಂದು ವೈದ್ಯರು ತಿಳಿಸಿದ್ದರು. ಸಾಮಾನ್ಯ ವಿಕಿರಣಕ್ಕೆ ಈ ಗೆಡ್ಡೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಜಪಾನಿನಲ್ಲಿ, ಇಂಗಾಲದ ಕಣಗಳನ್ನು ಗೆಡ್ಡೆಗೆ ಗುರಿಯಿಟ್ಟು ಹಾಯಿಸುವ ಕಾರ್ಬನ್ ಅಯಾನು ವಿಕಿರಣ ಪಡೆಯುವುದೆಂದು ಮನೆಯವರು ನಿರ್ಧರಿಸಿದ್ದರು. ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರಗಳಲ್ಲಿ ಹದಿನಾರು ಸಿಟ್ಟಿಂಗ್. ಆಸ್ಪತ್ರೆಯ ಪತ್ರದಲ್ಲಿ ಜೂನ್ 24ರಿಂದ ಜುಲೈ 18ರವರೆಗೆ ಎಂದಿತ್ತು. ಆಕೆ ಅದನ್ನೇ ಎಣಿಸಿ 25 ದಿನಗಳ ರಜೆ ಕೇಳಿದ್ದರು. ವೀಸಾ ತೋರಿಸಿದ ಮೇಲೆ ನೋಡೋಣ ಎಂದು ಕಚೇರಿ ಹೇಳಿತು. ಜೊತೆಗೆ ಹೋಗುವವರ ದಿನಾಂಕ ಖಚಿತವಾಗದೆ ಕಾಗದ ಕಳಿಸಲಾಗದು ಎಂದು ವೀಸಾಕ್ಕೆ ಹೊಣೆಪತ್ರ ಕೊಡುವ ಜಪಾನಿನ ಸಂಸ್ಥೆಯವರು ಹೇಳಿದರು. ಇವೆರಡರ ನಡುವೆ ಸಿಕ್ಕಿಕೊಂಡ ಆಕೆ ರಾಜೀನಾಮೆ ಪತ್ರ ಬರೆದು ಚೀಲದಲ್ಲಿಟ್ಟುಕೊಂಡೇ ನನ್ನಲ್ಲಿಗೆ ಬಂದಿದ್ದರು.

ಎರಡನೆಯ ಭೇಟಿಗೆ ತಾಯಿಯನ್ನೂ ಅಣ್ಣನನ್ನೂ ಬರಹೇಳಿದೆ. ಅಣ್ಣ ಹುಬ್ಬಳ್ಳಿಯಲ್ಲಿ ಸ್ವಂತ ವ್ಯವಹಾರ ನಡೆಸುವವರು. ರಜೆ ಕೇಳಬೇಕಾದ ಕಷ್ಟ ಅವರಿಗಿಲ್ಲ. "ಈಕಿ ನೌಕರಿ ಯಾಕ ಬಿಡಬೇಕ್ರಿ? ನಾನೇ ಅವ್ವನ್ನ ಕರಕೊಂಡು ಹೋಗತೇನಿ" ಎಂದರು. ಮೇಲ್ನೋಟಕ್ಕೆ ಅದೇ ಸರಿಯಾದ ಪರಿಹಾರ. ಆದರೆ ತಾಯಿ ಮಾತಾಡಲಿಲ್ಲ. ಅಣ್ಣನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಕೇಳಿದಾಗ ಅವರು ಮೆಲ್ಲಗೆ ಹೇಳಿದರು: "ಒಂದಕ್ಕ ಹೋಗೋದು ತಡಿಯಾಂಗಿಲ್ಲ ಅನ್ನೂದನ್ನ ಮಗನ ಮುಂದ ಹೆಂಗ ಹೇಳಲಿ? ಇಷ್ಟು ದಿನ ಅವಂಗ ಹೇಳೇ ಇಲ್ಲ."

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ. ತ್ರಿಕಾಸ್ಥಿಯ ಗೆಡ್ಡೆಯಲ್ಲಿ ಮೂತ್ರ ನಿಲ್ಲದಿರುವುದು, ಮಲಬದ್ಧತೆ, ಕೂರುವ ಜಾಗದ ಮರಗಟ್ಟುವಿಕೆ ಇವೆಲ್ಲ ವೈದ್ಯರು ಮೊದಲ ಭೇಟಿಯಲ್ಲೇ ಕೇಳಿ ತಿಳಿಯಬೇಕಾದ ಸಂಗತಿಗಳು. ಆ ತಾಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅವರು ಬಾಯಿಬಿಟ್ಟು ಹೇಳದ್ದನ್ನು ಜೊತೆಗಿದ್ದವರು ಇಂಗ್ಲಿಷಿನಲ್ಲಿ ಹೇಳುವುದೆಂತು, ದುಭಾಷಿ ಅದನ್ನು ವೈದ್ಯರಿಗೆ ಮುಟ್ಟಿಸುವುದೆಂತು? ವಿಕಿರಣ ಬಿದ್ದ ಕಡೆಯ ಚರ್ಮ ಕೊನೆಯ ವಾರಗಳಲ್ಲಿ ಕೆಂಪಾಗಿ ಉರಿಯಬಹುದು, ಪೃಷ್ಠದ ಭಾಗಕ್ಕೆ ದಿನವೂ ಮುಲಾಮು ಹಚ್ಚಬೇಕಾಗಬಹುದು. ರಜೆ ಯಾರಿಗೆ ಸುಲಭ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಯಾರ ಮುಂದೆ ತಾಯಿಗೆ ಸಂಕೋಚವಿಲ್ಲ ಎಂಬುದನ್ನು ಆಧಾರ ಮಾಡಿಕೊಳ್ಳಿ ಎಂದು ನಾನು ಹೇಳಿದ್ದು ಇದಕ್ಕಾಗಿ. ಅಣ್ಣನಿಗೆ ಬೇಸರವಾಯಿತು. ಮಗನನ್ನು ದೂರವಿಟ್ಟಿರೆಂದು ನೇರವಾಗಿಯೇ ಹೇಳಿದರು. ತಾಯಿಯ ಗುಟ್ಟನ್ನು ನಾನು ಅವರಿಗೆ ತಿಳಿಸುವಂತಿರಲಿಲ್ಲ. ಆ ಬೇಸರವನ್ನು ಹೊರುವುದು ನನ್ನ ಕೆಲಸದ ಭಾಗವೆಂದೇ ನಂಬಿದ್ದೇನೆ.

ಮಗಳೇ ಹೋಗಬೇಕೆಂದಾದ ಮೇಲೆ ಕ್ಯಾಲೆಂಡರ್ ಬಿಡಿಸಿಕೊಂಡು ಕುಳಿತೆವು. ಇದು ಆಪ್ತಸಲಹೆಯ ಕೆಲಸವಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. ದಿನಾಂಕ ಕೂಡಿಬರದ್ದರಿಂದ ನಿದ್ದೆಗೆಟ್ಟವರಿಗೆ ದಿನಾಂಕ ಕೂಡಿಸಿಕೊಡದೆ ಉಸಿರಾಟದ ಅಭ್ಯಾಸವನ್ನಷ್ಟೇ ಹೇಳಿಕೊಡುವುದು ನನಗೆ ಒಪ್ಪುವುದಿಲ್ಲ.

ಪತ್ರದಲ್ಲಿದ್ದ ಜೂನ್ 24 ಮೊದಲ ಸಿಟ್ಟಿಂಗ್‌ನ ದಿನ ಮಾತ್ರ. ಅದಕ್ಕೂ ಮುಂಚೆ ಜೂನ್ 9ಕ್ಕೆ ವೈದ್ಯರ ಮೊದಲ ಭೇಟಿಯಿತ್ತು. ಆಮೇಲೆ ಮೈ ಅಲುಗದಂತೆ ಹಿಡಿದಿಡುವ ಅಚ್ಚನ್ನು ಅಳತೆಗೆ ತಯಾರಿಸಬೇಕು, ಅದರಲ್ಲೇ ಮಲಗಿಸಿ ಸಿಟಿ ಸ್ಕ್ಯಾನ್ ತೆಗೆಯಬೇಕು, ಭೌತತಜ್ಞರು ಕಿರಣದ ದಾರಿಯನ್ನು ಲೆಕ್ಕ ಹಾಕಬೇಕು. ಇದಕ್ಕೆ ಒಂದೆರಡು ವಾರ ಬೇಕು. ಚಿಕಿತ್ಸೆ ಮುಗಿದ ಮೇಲೂ ಕೂರಲು ನೋವಿರುವ ವೃದ್ಧೆಯನ್ನು ಮರುದಿನವೇ ದೀರ್ಘ ವಿಮಾನ ಪ್ರಯಾಣಕ್ಕೆ ಹೊರಡಿಸಲಾಗದು. ಹೊರಡುವ ದಿನ, ವಿಶ್ರಾಂತಿಯ ವಾರ, ಚಿಕಿತ್ಸೆ ಮುಂದೆ ಹೋದರೆಂದು ಎರಡು ವಾರಗಳ ಬಿಡುವು ಎಲ್ಲ ಸೇರಿಸಿದಾಗ ಜೂನ್ 5ರಿಂದ ಆಗಸ್ಟ್ 8ರವರೆಗೆ 65 ದಿನಗಳಾದವು.

ಇಷ್ಟು ದೀರ್ಘ ರಜೆ ಯಾರು ಕೊಡುತ್ತಾರೆ ಎಂದು ಆಕೆ ಹೆದರಿದರು. ರಜೆ ಹಕ್ಕಲ್ಲ, ನಿಜ. ಆದರೆ ಆಕೆಯ ಖಾತೆಯಲ್ಲಿ ನೂರಕ್ಕೂ ಹೆಚ್ಚು ಗಳಿಕೆ ರಜೆಗಳಿದ್ದವು, ಒಮ್ಮೆಗೆ 180 ದಿನಗಳವರೆಗೆ ಪಡೆಯಲು ಕೇಂದ್ರದ ರಜಾ ನಿಯಮಗಳಲ್ಲಿ ಅವಕಾಶವಿದೆ. ಮಂಜೂರಾದ ರಜೆ ಮುಗಿಯುವ ಮುಂಚೆ ಕೆಲಸಕ್ಕೆ ಮರಳಲು ಅಧಿಕಾರಿಯ ಅನುಮತಿಯೊಂದು ಸಾಕು. ಮಂಜೂರಾತಿಯಿಲ್ಲದೆ ಅವಧಿ ಮೀರಿ ಉಳಿದರೆ ಸಂಬಳವೂ ಇಲ್ಲ, ಶಿಸ್ತು ಕ್ರಮದ ಭಯವೂ ತಪ್ಪದು. ಆದ್ದರಿಂದ ಕಡಿಮೆ ಕೇಳಿ ಅಲ್ಲಿಂದ ವಿಸ್ತರಣೆಗೆ ಬೇಡುವುದಕ್ಕಿಂತ ಹೆಚ್ಚು ಕೇಳಿ ಬೇಗ ಬರುವುದು ಮೇಲು.

ಕಚೇರಿಯ ಹಿರಿಯರೊಬ್ಬರು, ನಿನ್ನ ಹೆಸರಿನಲ್ಲೇ ವೈದ್ಯಕೀಯ ಪ್ರಮಾಣಪತ್ರ ತಂದು, ಅರ್ಧ ವೇತನ ರಜೆಯನ್ನು ಪೂರ್ಣ ವೇತನಕ್ಕೆ ಬದಲಿಸಿಕೊಳ್ಳುವ ಪರಿವರ್ತಿತ ರಜೆ ಹಾಕು ಎಂದು ಸೂಚಿಸಿದ್ದರಂತೆ. ಅದನ್ನು ಖಂಡಿತ ಬೇಡವೆಂದೆ. ಆ ರಜೆ ನೌಕರರ ಸ್ವಂತ ಅನಾರೋಗ್ಯಕ್ಕೆ ಇರುವುದು. ಹಾಸಿಗೆ ಹಿಡಿದಿದ್ದೇನೆಂದು ಬರೆದುಕೊಟ್ಟವರ ಪಾಸ್‌ಪೋರ್ಟಿನಲ್ಲಿ ಅದೇ ದಿನಗಳ ಜಪಾನಿನ ಮುದ್ರೆಯಿರುತ್ತದೆ. ಗಳಿಕೆ ರಜೆ ಸಾಲದಿದ್ದರೆ ಸ್ವಂತ ಕಾರ್ಯಕ್ಕಾಗಿ ಅರ್ಧ ವೇತನ ರಜೆಯನ್ನು ಸೇರಿಸಬಹುದು. ಸಂಬಳ ಕಡಿಮೆಯಾದರೂ ಕಾಗದ ಸತ್ಯವಾಗಿರುತ್ತದೆ.

ವೀಸಾದ ಗಂಟು ಬಿಚ್ಚಿದ್ದು ಅರ್ಜಿಯ ಒಂದು ವಾಕ್ಯದಿಂದ: "ವೀಸಾ ದೊರೆಯುವ ಷರತ್ತಿಗೆ ಒಳಪಟ್ಟು ರಜೆಯನ್ನೂ ವಿದೇಶ ಪ್ರಯಾಣದ ಅನುಮತಿಯನ್ನೂ ಮಂಜೂರು ಮಾಡಬೇಕು, ವೀಸಾದ ಪ್ರತಿಯನ್ನು ಹೊರಡುವ ಮುಂಚೆ ಸಲ್ಲಿಸುತ್ತೇನೆ." ಆಸ್ಪತ್ರೆಯ ಪತ್ರದ ಜೊತೆಗೆ ಮೇಲಿನ ದಿನಗಳ ಲೆಕ್ಕವನ್ನೂ ಲಗತ್ತಿಸಿದರು. ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ, ಆ ಅವಧಿಯಲ್ಲಿ ಕೆಲಸ ಯಾರು ನೋಡಿಕೊಳ್ಳುತ್ತಾರೆಂದು. ಷರತ್ತಿನ ಮಂಜೂರಾತಿ ಸಿಕ್ಕಿತು.

ಜಪಾನಿನಲ್ಲಿ ರೋಗಿಗೂ ಜೊತೆಗಾರರಿಗೂ ವೈದ್ಯಕೀಯ ವಾಸ್ತವ್ಯದ ವೀಸಾ ಎಂಬುದು 2011ರಿಂದ ಇದೆ. ಅಲ್ಲಿನ ಸರ್ಕಾರದಲ್ಲಿ ನೋಂದಾಯಿಸಿದ ಖಾತರಿ ಸಂಸ್ಥೆಯೊಂದು ಆಸ್ಪತ್ರೆಯ ಪ್ರಮಾಣಪತ್ರದೊಂದಿಗೆ ಹೊಣೆಪತ್ರ ಕೊಡಬೇಕು, ಅದರಲ್ಲಿ ಜೊತೆಗಾರರ ಹೆಸರೂ ಇರಬೇಕು. ಜೊತೆಗಾರರು ಅಲ್ಲಿ ಸಂಬಳಕ್ಕೆ ದುಡಿಯುವಂತಿಲ್ಲ. ಖಾಸಗಿ ಕಂಪನಿಯವರು ರಜೆಯ ಬದಲು ಅಲ್ಲಿಂದಲೇ ಕೆಲಸ ಮಾಡಿ ಎಂದಾಗ ಒಪ್ಪಿಕೊಳ್ಳುವ ಮುಂಚೆ ಇದನ್ನು ವಿಚಾರಿಸಲೇಬೇಕು. ವಾಸ್ತವ್ಯ 90 ದಿನ ಮೀರುವುದಾದರೆ ರೋಗಿ ಆಸ್ಪತ್ರೆಯಲ್ಲಿ ದಾಖಲಾಗಿರಬೇಕು, ಅಲ್ಲಿನ ವಲಸೆ ಕಚೇರಿಯ ಅರ್ಹತಾ ಪತ್ರವೂ ಬೇಕು. ನಾವು 65ಕ್ಕೆ ನಿಲ್ಲಿಸಿದ್ದರಿಂದ ಅದರ ಅಗತ್ಯ ಬೀಳಲಿಲ್ಲ. ಒಮ್ಮೆಯ ಪ್ರವೇಶದ ವೀಸಾ ಸಾಮಾನ್ಯವಾಗಿ ಕೊಟ್ಟ ದಿನದಿಂದ ಮೂರು ತಿಂಗಳಷ್ಟೇ ಚಲಾವಣೆಯಲ್ಲಿರುತ್ತದೆ. ಆತುರದಿಂದ ಫೆಬ್ರವರಿಯಲ್ಲೇ ಪಡೆದಿದ್ದರೆ ಜೂನ್ ಹೊತ್ತಿಗೆ ಅದು ಮುಗಿದಿರುತ್ತಿತ್ತು. ಏಪ್ರಿಲ್ ಕೊನೆಗೆ ಅರ್ಜಿ ಹಾಕಿ ಮೇ ತಿಂಗಳಲ್ಲಿ ಪಡೆದರು.

ಕಿರಣದ ಲೆಕ್ಕಾಚಾರ ತಡವಾಗಿ ಮೊದಲ ಸಿಟ್ಟಿಂಗ್ ಜುಲೈ 1ಕ್ಕೆ ಹೋಯಿತು, ಕೊನೆಯದು 25ಕ್ಕೆ. ಮೊದಲು ಕೇಳಿದ್ದ 25 ದಿನಗಳ ರಜೆ ಅದಕ್ಕೆ ಒಂದು ವಾರ ಮುಂಚೆಯೇ ತೀರಿಹೋಗುತ್ತಿತ್ತು. ಆಗಸ್ಟ್ ಮೊದಲ ವಾರದಲ್ಲಿ ತಾಯಿ ಮಗಳು ಮರಳಿದರು. ಮುಂದಿನ ತಪಾಸಣೆಗಳ ಎಂಆರ್‌ಐಯನ್ನು ಬೆಂಗಳೂರಿನಲ್ಲೇ ತೆಗೆಸಿ ಜಪಾನಿನ ವೈದ್ಯರಿಗೆ ಕಳಿಸುವ ಏರ್ಪಾಡಾಗಿದೆ. ಆ ದಿನಗಳಲ್ಲಿ ಅಂಗಡಿ ಬಾಗಿಲು ಹಾಕಿ ಬರುವುದು ಅಣ್ಣನ ಪಾಲಿಗೆ ಬಂದಿದೆ, ಮಗಳು ತನ್ನ ಉಳಿದ ರಜೆಯನ್ನು ಮುಟ್ಟಿಲ್ಲ.