ಅಡ್ಡ ಕೂಡಿದರೆ ಒಂದು, ಉದ್ದ ಕೂಡಿದರೆ ಇನ್ನೊಂದು: 1,800 ರೂಪಾಯಿ ಎಲ್ಲಿದೆ?

ಪ್ರಶ್ನೆ: ನಮ್ಮದು ಜೆ.ಪಿ. ನಗರದಲ್ಲಿ ಸಣ್ಣ ಅಪಾರ್ಟ್‌ಮೆಂಟ್. ಈ ವರ್ಷ ಲೆಕ್ಕ ಬರೆಯೋದು ನನ್ನ ತಲೆಗೆ ಬಂತು. ಮೂರು ತಿಂಗಳ ಖರ್ಚಿನ ಪಟ್ಟಿಯನ್ನು ರಿಜಿಸ್ಟರಿನಲ್ಲಿ ಬರೆದಿದ್ದೇನೆ, ಫೋಟೋ ಹಾಕಿದ್ದೇನೆ. ತಿಂಗಳ ಮೊತ್ತಗಳನ್ನು ಕೂಡಿದರೆ 2,10,510. ಬಾಬ್ತಿನ ಮೊತ್ತಗಳನ್ನು ಕೂಡಿದರೆ 2,12,310. ವ್ಯತ್ಯಾಸ 1,800. ನಮ್ಮಲ್ಲಿ ಒಂದು ಟ್ಯಾಂಕರ್ ನೀರಿಗೆ 900. ಎರಡು ಟ್ಯಾಂಕರ್ ಜಾಸ್ತಿ ಬರೆದುಬಿಟ್ಟೆನಾ? ಚೀಟಿಗಳನ್ನೆಲ್ಲ ಮತ್ತೆ ತೆಗೆದು ನೋಡಬೇಕಾ?

ಉತ್ತರ:

ಚೀಟಿಗಳ ಕಟ್ಟು ಬಿಚ್ಚಬೇಡಿ. ಟ್ಯಾಂಕರಿನವನ ಮೇಲೂ ಅನುಮಾನ ಬೇಡ. 1,800 ಅಂದರೆ ಸರಿಯಾಗಿ ಎರಡು ಟ್ಯಾಂಕರ್ ಆಗುತ್ತೆ ಅನ್ನೋದು ಇಲ್ಲಿ ಸುಮ್ನೆ ಕಾಕತಾಳೀಯ. ನಿಮ್ಮ ತಪ್ಪು ಟ್ಯಾಂಕರ್ ಕಾಲಮ್ಮಿನಲ್ಲಿ ಇಲ್ಲ.

ಫೋಟೋ ನೋಡಿ ನಿಮ್ಮ ಪಟ್ಟಿಯನ್ನು ಇಲ್ಲಿ ಇಳಿಸಿದ್ದೇನೆ, ತಪ್ಪನ್ನು ಹಾಗೇ ಬಿಟ್ಟು.

| ತಿಂಗಳು | ಸೆಕ್ಯುರಿಟಿ | ಟ್ಯಾಂಕರ್ | ಕರೆಂಟ್ | ರಿಪೇರಿ | ಒಟ್ಟು |
|---|---|---|---|---|---|
| ಏಪ್ರಿಲ್ | 36,000 | 21,600 | 9,450 | 4,200 | 71,250 |
| ಮೇ | 36,000 | 25,200 | 9,870 | 1,850 | 72,920 |
| ಜೂನ್ | 36,000 | 14,400 | 8,640 | 7,300 | 66,340 |
| ಒಟ್ಟು | 1,08,000 | 61,200 | 29,760 | 13,350 | ? |

ಟ್ಯಾಂಕರ್ ಅಲ್ಲ ಅಂತ ಚೀಟಿ ನೋಡದೆ ಹೇಗೆ ಹೇಳಿದೆ ಅಂತೀರಾ? ಪಟ್ಟಿಯ ಒಳಗಿನ ಒಂದೊಂದು ಚೌಕವನ್ನೂ ಚೌಕಾಬಾರದ ಮನೆ ಅಂದುಕೊಳ್ಳಿ. ಪ್ರತಿ ಮನೆಯೂ ಒಂದು ಅಡ್ಡ ಸಾಲಿನಲ್ಲಿದೆ, ಒಂದು ಕಾಲಮ್ಮಿನಲ್ಲೂ ಇದೆ. ಮೇ ತಿಂಗಳ ಟ್ಯಾಂಕರ್ ಮನೆಯಲ್ಲಿ ನೀವು 1,800 ಜಾಸ್ತಿ ಬರೆದಿದ್ದೀರಿ ಅಂತಲೇ ಇಟ್ಟುಕೊಳ್ಳೋಣ. ಆಗ ಮೇ ತಿಂಗಳ ಮೊತ್ತವೂ 1,800 ಏರುತ್ತೆ, ಟ್ಯಾಂಕರ್ ಮೊತ್ತವೂ 1,800 ಏರುತ್ತೆ. ಎರಡೂ ಕಡೆಯ ಒಟ್ಟು ಮೊತ್ತ ಒಟ್ಟಿಗೇ ಏರಿ, ಪಟ್ಟಿ ಚೆನ್ನಾಗಿ ತಾಳೆ ಆಗಿಬಿಡುತ್ತೆ. ಲೆಕ್ಕ ತಪ್ಪು, ಆದರೆ ತಾಳೆ ಸರಿ. ನಿಮ್ಮದು ತಾಳೆಯೇ ಆಗಿಲ್ಲ. ಹಾಗಾಗಿ ತಪ್ಪು ಇರೋದು ಮನೆಯಲ್ಲಿ ಬರೆದ ಅಂಕಿಯಲ್ಲಿ ಅಲ್ಲ, ಕೂಡಿದ್ದರಲ್ಲಿ ಅಥವಾ ಕೂಡಿದ್ದನ್ನು ಬರೆದಿಟ್ಟದ್ದರಲ್ಲಿ.

ಈಗ ಹುಡುಕುವ ಜಾಗ ಎಷ್ಟು ಸಣ್ಣದಾಯಿತು ನೋಡಿ. ಅಡ್ಡ ಮೂರು ಕೂಡಿಕೆ, ಉದ್ದ ನಾಲ್ಕು, ಕೊನೆಗೆ ಎರಡೂ ಕಡೆಯ ಒಟ್ಟು ಮೊತ್ತ ತೆಗೆದ ಎರಡು. ಒಂಬತ್ತು ಕೂಡಿಕೆ ಅಷ್ಟೇ. ಒಂಬತ್ತನ್ನೂ ಮತ್ತೆ ಮಾಡಿದರೂ ಹತ್ತು ನಿಮಿಷದ ಕೆಲಸ. ಕೊನೆಯ ಎರಡನ್ನು ನಾನೇ ಕೂಡಿ ನೋಡಿದೆ. ನೀವು ಬರೆದ ಮೊತ್ತಗಳಿಗೆ 2,10,510 ಮತ್ತು 2,12,310 ಸರಿಯಾಗಿಯೇ ಬರುತ್ತವೆ. ಉಳಿದದ್ದು ಏಳು.

ಆದರೆ ಅಷ್ಟೂ ಬೇಕಾಗಿಲ್ಲ. ಮೊದಲು ವ್ಯತ್ಯಾಸವನ್ನು 9ರಿಂದ ಭಾಗಿಸಿ. 1,800 ಭಾಗ 9 ಅಂದರೆ 200, ಶೇಷ ಇಲ್ಲ. ಹೀಗೆ ಶೇಷ ಇಲ್ಲದೆ ಹೋದರೆ ಎಲ್ಲೋ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರೋ ಸಾಧ್ಯತೆ ಜಾಸ್ತಿ. ಕಾರಣ ಸುಲಭ. ಒಂದು ಸಂಖ್ಯೆಯಲ್ಲಿ ಸಾವಿರದ ಜಾಗದಲ್ಲಿ 7, ನೂರರ ಜಾಗದಲ್ಲಿ 9 ಇದೆ. ಅವು ಜಾಗ ಬದಲಾಯಿಸಿಕೊಂಡರೆ ಸಾವಿರದ ಜಾಗ 2 ಏರುತ್ತೆ, ಅಂದರೆ 2,000 ಬಂತು. ನೂರರ ಜಾಗ 2 ಇಳಿಯುತ್ತೆ, ಅಂದರೆ 200 ಹೋಯಿತು. ಉಳಿದದ್ದು 1,800. ಯಾವ ಎರಡು ಅಂಕಿ ಅದಲುಬದಲಾದರೂ ಹೀಗೆ 9ರ ಮಗ್ಗಿಯಲ್ಲೇ ಬಂದು ನಿಲ್ಲುತ್ತೆ.

ಭಾಗಿಸಿ ಬಂದ 200 ಇನ್ನೂ ಎರಡು ಸುಳಿವು ಕೊಡುತ್ತೆ. ಅದು ನೂರರಲ್ಲಿ ಇದೆ, ಹಾಗಾಗಿ ಅದಲುಬದಲಾದದ್ದು ನೂರರ ಅಂಕಿ ಮತ್ತು ಅದರ ಎಡಗಡೆಯ ಸಾವಿರದ ಅಂಕಿ. ಮೊದಲ ಅಂಕಿ 2, ಹಾಗಾಗಿ ಆ ಎರಡು ಅಂಕಿಗಳ ನಡುವೆ 2 ಅಂತರ ಇದೆ. ಇಷ್ಟು ಗೊತ್ತಾದ ಮೇಲೆ ಬಾಲ್‌ಪೆನ್ ಹಿಡಿದು ಪಟ್ಟಿಯ ಮೇಲೆ ಕಣ್ಣು ಓಡಿಸಿ. ಮೊತ್ತಗಳಲ್ಲಿ ಅಂಥದ್ದು ಒಂದೇ ಒಂದು: 29,760. ಒಳಗಿನ ಮನೆಗಳಲ್ಲಿ ಎರಡು: ಏಪ್ರಿಲ್ ರಿಪೇರಿ 4,200, ಜೂನ್ ಕರೆಂಟ್ 8,640.

ಒಳಗಿನ ಮನೆಗಳು ತಪ್ಪಲ್ಲ ಅಂತ ಈಗ ತಾನೇ ಹೇಳಿ, ಮತ್ತೆ ಯಾಕೆ ಅವನ್ನು ನೋಡೋದು? ಯಾಕೆಂದರೆ ಬರೆದದ್ದು ಸರಿ ಇದ್ದರೂ ಕೂಡುವಾಗ ಕಣ್ಣು ತಪ್ಪಬಹುದು. ಅಡ್ಡ ಕೂಡುವಾಗ 8,640ನ್ನು 6,840 ಅಂತ ಓದಿದರೆ ಆ ತಪ್ಪು ಜೂನ್ ಮೊತ್ತಕ್ಕೆ ಮಾತ್ರ ತಗಲುತ್ತೆ, ಕರೆಂಟ್ ಮೊತ್ತಕ್ಕೆ ತಗಲೋದಿಲ್ಲ. ಇಲ್ಲಿ ಯಾವ ಕಡೆ ಜಾಸ್ತಿ ಇದೆ ಅನ್ನೋದನ್ನೂ ನೋಡಬೇಕು. ನಿಮ್ಮ ಉದ್ದದ ಕಡೆ ಜಾಸ್ತಿ. ಅಂದರೆ ಒಂದು ಕಾಲಂ ಮೊತ್ತ ಹೆಚ್ಚಾಗಿರಬೇಕು, ಇಲ್ಲವೇ ಒಂದು ತಿಂಗಳ ಮೊತ್ತ ಕಡಿಮೆಯಾಗಿರಬೇಕು. ಹಾಗಾಗಿ ಏಳರ ಬದಲು ಮೂರು ಕೂಡಿಕೆ ಸಾಕು: ಏಪ್ರಿಲ್ ಸಾಲು, ಜೂನ್ ಸಾಲು, ಕರೆಂಟ್ ಕಾಲಂ.

ಏಪ್ರಿಲ್ 71,250, ಸರಿ. ಜೂನ್ 66,340, ಸರಿ. ಕರೆಂಟ್: 9,450 ಮತ್ತು 9,870 ಸೇರಿ 19,320. ಅದಕ್ಕೆ 8,640 ಸೇರಿಸಿದರೆ 27,960. ನೀವು ಬರೆದದ್ದು 29,760. ಸಿಕ್ಕಿತಲ್ಲ. ಬಹುಶಃ ಕೂಡಿದ್ದು ಸರಿಯಾಗಿಯೇ ಇತ್ತು, ಕ್ಯಾಲ್ಕುಲೇಟರಿನಿಂದ ಪುಸ್ತಕಕ್ಕೆ ಇಳಿಸುವಾಗ ಕೈ ತಪ್ಪಿದೆ. ಈಗ ಉದ್ದದ ಕಡೆಯೂ 2,10,510.

ಒಂದು ಎಚ್ಚರಿಕೆ. 9ರ ಲೆಕ್ಕ ಸುಳಿವು ಮಾತ್ರ, ಸಾಕ್ಷಿ ಅಲ್ಲ. 200 ಅನ್ನೋದನ್ನು ಒಂದು ಸೊನ್ನೆ ಜಾಸ್ತಿ ಹಾಕಿ 2,000 ಅಂತ ಓದಿದರೂ ವ್ಯತ್ಯಾಸ 1,800ನೇ. ನಿಮ್ಮ ಪಟ್ಟಿಯಲ್ಲಿ 200 ಆಗಲಿ 2,000 ಆಗಲಿ ಇಲ್ಲ, ಅದಕ್ಕೇ ಅದನ್ನು ಬಿಟ್ಟೆ. ವ್ಯತ್ಯಾಸ 9ರಿಂದ ಭಾಗ ಹೋಗದೆ ಸುಮ್ನೆ 100 ಅಥವಾ 1,000 ಅಂತ ದುಂಡಗೆ ಬಂದರೆ, ಕೂಡುವಾಗ ‘ಕೈಯಲ್ಲಿ ಒಂದು’ ಅನ್ನೋದನ್ನು ಮರೆತಿರುತ್ತೀರಿ. ವ್ಯತ್ಯಾಸ ಯಾವುದೋ ಮನೆಯ ಅಂಕಿಗೆ ಸರಿಸಮ ಇದ್ದರೆ, ಒಂದು ಕಡೆ ಕೂಡುವಾಗ ಆ ಮನೆಯನ್ನು ಹಾರಿಸಿರುತ್ತೀರಿ. ಇನ್ನೊಂದು ವಿಷಯ, ಮತ್ತೆ ಕೂಡುವಾಗ ಕೆಳಗಿನಿಂದ ಮೇಲಕ್ಕೆ ಕೂಡಿ. ಮೊದಲಿನ ಹಾಗೇ ಮೇಲಿನಿಂದ ಬಂದರೆ ಕಣ್ಣು ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹೆಡ್ ಕ್ಲರ್ಕ್ ಇದಕ್ಕೇ ಬೈಯುತ್ತಿದ್ದರು.

ಇನ್ನು ತಾಳೆ ಆದ ಮೇಲೆ ಏನು? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾನು ಎಡವಿದ್ದು ಇಲ್ಲೇ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಸಂಬಳದ ಪಟ್ಟಿ ಬರೆಯುತ್ತಿದ್ದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಂಬಳ, ಓಟಿ, ಅಡ್ವಾನ್ಸ್ ಕಡಿತ, ಕೈಗೆ ಸಿಗೋದು ಅಂತ ಕಾಲಂ. ಆ ತಿಂಗಳು ಅಡ್ಡ ಉದ್ದ ಎರಡೂ ಮೊದಲ ಸಲಕ್ಕೇ ತಾಳೆ ಆಯಿತು. ಖುಷಿಯಲ್ಲಿ ಬೇಗ ಮನೆಗೆ ಹೋದೆ. ಸಂಬಳದ ದಿನ ಒಬ್ಬ ಹುಡುಗ ಕವರ್ ಹಿಡಿದುಕೊಂಡು ಬಂದ. "ಸಾರ್, ನಾನು ಅಡ್ವಾನ್ಸೇ ತಗೊಂಡಿಲ್ಲ, 2,000 ಹಿಡಿದಿದ್ದೀರಲ್ಲ" ಅಂದ. ನೋಡಿದರೆ ಅವನ ಮೇಲಿನ ಸಾಲಿನವರ ಅಡ್ವಾನ್ಸನ್ನು ಇವನ ಸಾಲಿನಲ್ಲಿ ಬರೆದಿದ್ದೆ. ಅಡ್ವಾನ್ಸ್ ಕಾಲಂ ಮೊತ್ತದಲ್ಲಿ ಒಂದು ರೂಪಾಯಿಯೂ ಬದಲಾಗಿಲ್ಲ. ಇವನ ಸಾಲು 2,000 ಇಳಿದಿತ್ತು, ಅವರ ಸಾಲು 2,000 ಏರಿತ್ತು. ಒಟ್ಟು ಮೊತ್ತ ಅಷ್ಟೇ. ಇಂಥದ್ದನ್ನು ಅಡ್ಡ ಉದ್ದ ಕೂಡಿ ಯಾವ ಜನ್ಮಕ್ಕೂ ಹಿಡಿಯೋಕೆ ಆಗಲ್ಲ. ಮನೆಯ ಅಂಕಿಯೇ ತಪ್ಪಿದ್ದರೂ ಅಷ್ಟೇ, ಸರಿಯಾದ ಅಂಕಿ ತಪ್ಪು ಮನೆಯಲ್ಲಿ ಕೂತಿದ್ದರೂ ಅಷ್ಟೇ.

ಹಾಗಾಗಿ ನಿಮ್ಮ ಪಟ್ಟಿಯ ಎರಡೂ ಅಂಚನ್ನು ಹೊರಗಿನ ಯಾವುದಾದರೂ ಲೆಕ್ಕದ ಜೊತೆ ಹೋಲಿಸಿ. ತಿಂಗಳ ಮೊತ್ತಕ್ಕೆ ಬ್ಯಾಂಕ್ ಪಾಸ್‌ಬುಕ್ ಇದೆ, ಆ ತಿಂಗಳ ಖರ್ಚೆಲ್ಲ ಅಕೌಂಟಿನಿಂದಲೇ ಅದೇ ತಿಂಗಳು ಹೋಗಿದ್ದರೆ. ಟ್ಯಾಂಕರ್ ಮೊತ್ತಕ್ಕೆ ಗೇಟಿನಲ್ಲಿ ವಾಚ್‌ಮನ್ ಬರೆಯುವ ಪುಸ್ತಕ ಇರುತ್ತಲ್ಲ. ನಿಮ್ಮ ಅಂಕಿಗಳ ಪ್ರಕಾರ ಏಪ್ರಿಲ್‌ನಲ್ಲಿ 24, ಮೇನಲ್ಲಿ 28, ಜೂನ್‌ನಲ್ಲಿ 16, ಒಟ್ಟು 68 ಟ್ಯಾಂಕರ್ ಬಂದಿರಬೇಕು. ಗೇಟಿನ ಪುಸ್ತಕದಲ್ಲಿ 69 ಇದೆ, ಪಾಸ್‌ಬುಕ್ಕಿನಲ್ಲಿ ಮೇ ತಿಂಗಳು ನಿಮ್ಮ ಮೊತ್ತಕ್ಕಿಂತ 900 ಜಾಸ್ತಿ ಹೋಗಿದೆ ಅಂದುಕೊಳ್ಳಿ. ಮೇ ಸಾಲೂ ಟ್ಯಾಂಕರ್ ಕಾಲಮ್ಮೂ ಸೇರೋ ಮನೆ ಒಂದೇ. ನೇರ ಆ ಮನೆಗೆ ಹೋಗಿ, ಆ ತಿಂಗಳ ಟ್ಯಾಂಕರ್ ಚೀಟಿ ಮಾತ್ರ ಬಿಚ್ಚಿ. ಚೀಟಿ ಬಿಚ್ಚೋಕೆ ಕಾರಣ ಸಿಗೋದು ಆಗ.

ಮುಂದಿನ ಸಲ ಎಕ್ಸೆಲ್‌ನಲ್ಲಿ ಮಾಡಿದರೆ ಕೈ ತಪ್ಪೋದು ಕಡಿಮೆ. ಇದೇ ಪಟ್ಟಿ A1ರಿಂದ ಶುರುವಾದರೆ ಮೂಲೆಯ ಪಕ್ಕದಲ್ಲಿ ಈ ಎರಡು ಸಾಲು ಹಾಕಿಕೊಳ್ಳಿ.

```
=ROUND(SUM(B5:E5)-SUM(F2:F4),2)
=COUNT(B2:E4)
```

ಮೊದಲನೆಯದು 0 ಬರಬೇಕು. ಎರಡನೆಯದು 12 ಬರಬೇಕು, ಮೂರು ತಿಂಗಳು, ನಾಲ್ಕು ಬಾಬ್ತು. ಎರಡನೆಯದು ಯಾಕೆ ಅಂದರೆ, ವಾಟ್ಸಾಪಿನಿಂದ ಕಾಪಿ ಮಾಡಿ ಹಾಕಿದ ಅಂಕಿ ಕೆಲವೊಮ್ಮೆ ಅಕ್ಷರದ ಥರ ಕೂತುಬಿಡುತ್ತೆ. ಸಾಮಾನ್ಯವಾಗಿ ಮನೆಯ ಎಡಕ್ಕೆ ಅಂಟಿಕೊಂಡು ಕಾಣುತ್ತೆ. SUM ಅದನ್ನು ಅಡ್ಡ ಕೂಡುವಾಗಲೂ ಬಿಡುತ್ತೆ, ಉದ್ದ ಕೂಡುವಾಗಲೂ ಬಿಡುತ್ತೆ. ಮೊದಲನೆಯದು ಆರಾಮಾಗಿ 0 ತೋರಿಸುತ್ತೆ. ಎರಡನೆಯದು 11 ಅಂತ ಹೇಳಿ ಹಿಡಿದುಕೊಡುತ್ತೆ.

ರಿಜಿಸ್ಟರಿನಲ್ಲಿ ಆ 29,760ರ ಮೇಲೆ ವೈಟ್ನರ್ ಹಚ್ಚಬೇಡಿ, ಅಂಕಿಯ ಮೇಲೆ ಅಂಕಿ ತಿದ್ದಲೂಬೇಡಿ. ಓದೋಕೆ ಬರೋ ಹಾಗೆ ಒಂದೇ ಗೆರೆ ಹೊಡೆದು, ಮೇಲೆ 27,960 ಬರೆದು, ಪಕ್ಕದಲ್ಲಿ ಚಿಕ್ಕ ಸಹಿ, ತಾರೀಖು ಹಾಕಿ. 2,12,310 ಅಂತ ಎಲ್ಲಾದರೂ ಬರೆದಿದ್ದರೆ ಅದಕ್ಕೂ ಹಾಗೇ ಮಾಡಿ. ಮೂಲೆಯ ಮನೆಯಲ್ಲಿ 2,10,510.